ಚಾಟ್‌ನಲ್ಲಿ ‘ಅಪ್ರೂವ್ಡ್’ ಅಂದಿದ್ದಾರೆ, ಎಸ್ಕ್ರೋ ಮಾತ್ರ ಹಾಗೇ ಇದೆ

ತುಮಕೂರಿನಿಂದ, ಪ್ರಶ್ನೆ

ಅಪ್‌ವರ್ಕ್‌ನಲ್ಲಿ ಮಕ್ಕಳ ಚಿತ್ರಪುಸ್ತಕದ ಪುಟವಿನ್ಯಾಸ ಮಾಡ್ತಿದ್ದೀನಿ. ಕ್ಲೈಂಟ್ ನ್ಯೂಜೆರ್ಸಿಯಲ್ಲಿರುವ ಕನ್ನಡದವರೇ. ಎರಡನೇ ಮೈಲ್‌ಸ್ಟೋನ್, ಅಂದರೆ ಕೆಲಸದ ಎರಡನೇ ಕಂತು, 24 ಒಳಪುಟ, 240 ಡಾಲರ್. ದುಡ್ಡನ್ನು ಅವರು ಆಗಲೇ ಕಟ್ಟಿದ್ದಾರೆ, ಬಿಡುಗಡೆಯಾಗೋವರೆಗೆ ಅಪ್‌ವರ್ಕ್ ಹಿಡಿದಿಡೋ ಎಸ್ಕ್ರೋದಲ್ಲಿದೆ. ಪಿಡಿಎಫ್ ಅನ್ನು ಮೆಸೇಜಿನಲ್ಲಿ ಕಳಿಸಿದ್ದೆ. ಜೂನ್ 9, ಸೋಮವಾರ ‘ತುಂಬಾ ಚೆನ್ನಾಗಿದೆ, ಅಪ್ರೂವ್ಡ್’ ಅಂತ ಬರೆದರು. ಇವತ್ತು 15, ಭಾನುವಾರ. ದುಡ್ಡು ಬಿಡುಗಡೆ ಆಗಿಲ್ಲ. ಒಳ್ಳೆಯವರು, ಮುಂದಿನ ಕೆಲಸವೂ ಇದೆ. ಮನಸ್ಸಿಗೆ ಬೇಜಾರಾಗದ ಹಾಗೆ ಹೇಗೆ ಕೇಳೋದು?

ಸಿರಾದಿಂದ

ಕೇಳೋದೇ ಬೇಡ. 14 ದಿನ ಸುಮ್ಮನಿದ್ದರೆ ತಾನಾಗಿಯೇ ಬಿಡುಗಡೆಯಾಗುತ್ತೆ. 9ನೇ ತಾರೀಕು ಒಪ್ಪಿದ್ದಾರೆ ಅಂದರೆ 23ಕ್ಕೆ ಬಂದುಬಿಡುತ್ತೆ. ಯಾಕೆ ಸುಮ್ಮನೆ ಮುಜುಗರ?

ತಿಪಟೂರಿನಿಂದ

ಸಿರಾ ಅಣ್ಣ ಹೇಳಿದ 14 ದಿನದ ನಿಯಮ ನಿಜ, ಆದರೆ ಅದು ಇವರಿಗೆ ಇನ್ನೂ ಶುರುವೇ ಆಗಿಲ್ಲ. ಕ್ಲೈಂಟ್ ಒಪ್ಪಿದ ದಿನದಿಂದ ಲೆಕ್ಕ ಅಲ್ಲ. ನಾವು ಒಪ್ಪಂದದ ಪುಟಕ್ಕೆ ಹೋಗಿ ಆ ಮೈಲ್‌ಸ್ಟೋನ್ ಎದುರಿನ Submit Work for Payment ಒತ್ತಿದ ಗಳಿಗೆಯಿಂದ ಲೆಕ್ಕ. ಮೆಸೇಜಿನಲ್ಲಿ ಫೈಲ್ ಕಳಿಸಿದರೆ ಅದು ಬರೀ ಫೈಲ್. ಕ್ಲೈಂಟ್ ಮೆಸೇಜಿನಲ್ಲಿ ‘ಅಪ್ರೂವ್ಡ್’ ಅಂದರೆ ಅದು ಬರೀ ಮಾತು. ಎರಡರಿಂದಲೂ ಎಸ್ಕ್ರೋದ ಒಂದು ಪೈಸೆ ಅಲ್ಲಾಡಲ್ಲ.

ಹಾಗಾಗಿ ಅವರ ಕಡೆ ಏನಾಗಿರಬಹುದು ನೋಡಿ. ಸಲ್ಲಿಕೆಯೇ ಆಗದೆ ಇದ್ದರೆ ‘ಕೆಲಸ ಬಂದಿದೆ, ಪರಿಶೀಲಿಸಿ’ ಅನ್ನೋ ಸೂಚನೆ ಅವರಿಗೆ ಹೋಗಿರಲ್ಲ. ಒಪ್ಪಿದ್ದೀನಿ, ಆದ್ದರಿಂದ ದುಡ್ಡು ಹೋಗಿದೆ ಅಂತಲೇ ಅವರು ತಿಳಿದಿರೋ ಸಾಧ್ಯತೆ ಹೆಚ್ಚು. ಅಂಥವರಿಗೆ ‘ಪೇಮೆಂಟ್ ಇನ್ನೂ ಬಂದಿಲ್ಲ’ ಅಂತ ಬರೆದರೆ ಆಪಾದನೆ ಥರ ಕಾಣುತ್ತೆ. ಬೇಜಾರು ಹುಟ್ಟೋದು ಅಲ್ಲೇ.

ಮೊದಲು ಇವತ್ತೇ ಸಲ್ಲಿಸಿ. ಅವರು ಒಪ್ಪಿದ ಫೈಲನ್ನೇ, ಅದೇ ಹೆಸರಲ್ಲಿ ಲಗತ್ತಿಸಿ. ಒಪ್ಪಿದ ಮೇಲೆ ನೀವೇನಾದರೂ ಒಂದೆರಡು ಅಕ್ಷರ ತಿದ್ದಿದ್ದರೂ ಅದನ್ನು ಈಗ ಸೇರಿಸಬೇಡಿ. ಫೈಲ್ ಬದಲಾಯಿತು ಅಂದರೆ ಅವರು ಮತ್ತೆ 24 ಪುಟ ನೋಡೋಕೆ ಕೂರುತ್ತಾರೆ, ಒಪ್ಪಿಗೆಗೆ ಬೆಲೆ ಇಲ್ಲದ ಹಾಗಾಗುತ್ತೆ.

ಕೆಜಿಎಫ್‌ನಿಂದ

ನನಗೆ ಗಂಟೆ ಲೆಕ್ಕದ ಕೆಲಸದಲ್ಲಿ ಹೀಗೆಲ್ಲ ಇಲ್ಲ. ವಾರ ಮುಗಿದ ಮೇಲೆ ಬಿಲ್ ತಾನಾಗಿ ಹೋಗುತ್ತೆ, ಕೇಳೋ ಪ್ರಮೇಯವೇ ಬರಲ್ಲ. ಟ್ರ್ಯಾಕರ್ ಆನ್ ಮಾಡಿ ಕೆಲಸ ಮಾಡಿದ್ರಾ? ಸ್ಕ್ರೀನ್‌ಶಾಟ್ ಸರಿ ಇದ್ದರೆ ಪ್ಲಾಟ್‌ಫಾರಂನವರೇ ನೋಡ್ಕೋತಾರೆ.

ತಿಪಟೂರಿನಿಂದ

ಇವರದ್ದು ನಿಗದಿತ ಮೊತ್ತದ ಒಪ್ಪಂದ, ಅಕ್ಕ. ಅಲ್ಲಿ ಟ್ರ್ಯಾಕರ್‌ಗೂ ದುಡ್ಡಿಗೂ ಸಂಬಂಧ ಇಲ್ಲ.

ಚಿಂತಾಮಣಿಯಿಂದ

ಸಲ್ಲಿಸೋಕೆ ಮುಂಚೆ ಮೈಲ್‌ಸ್ಟೋನ್‌ನ ವಿವರಣೆ ಒಮ್ಮೆ ಓದಿ. ‘ಮುದ್ರಣಕ್ಕೆ ಸಿದ್ಧ ಪಿಡಿಎಫ್’ ಅಂತಷ್ಟೇ ಇದ್ದರೆ ತೊಂದರೆ ಇಲ್ಲ. ‘ಮೂಲ ಫೈಲ್ ಸಹಿತ’ ಅಂತಲೂ ಇದ್ದು ನೀವು ಪಿಡಿಎಫ್ ಮಾತ್ರ ಕೊಟ್ಟಿದ್ದರೆ, ನೋಡೋಕೆ ಚೆನ್ನಾಗಿದೆ ಅಂತ ಒಪ್ಪಿದವರೂ ದುಡ್ಡು ಬಿಡೋಕೆ ಹಿಂದೆಮುಂದೆ ನೋಡ್ತಾರೆ, ಅದು ನ್ಯಾಯವೂ ಹೌದು. ಕನ್ನಡ ಪುಸ್ತಕದಲ್ಲಿ ಇದು ಇನ್ನೂ ಮುಖ್ಯ. ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಪಿಡಿಎಫ್ ಕಣ್ಣಿಗೆ ಸರಿ ಕಾಣುತ್ತೆ, ಆದರೆ ಅವರು ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಅಕ್ಷರ ಬರುತ್ತೆ. ಇನ್‌ಡಿಸೈನ್ ಫೈಲ್ ಕೊಡೋದಾದರೆ ಫಾಂಟ್ ಸಮೇತ ಪ್ಯಾಕೇಜ್ ಮಾಡಿ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ತೆರೆದಾಗ ಫಾಂಟ್ ಬದಲಾಗಿ ಪುಟವೇ ಕೆಡುತ್ತೆ. ವಿವರಣೆಯಲ್ಲಿ ಬರೆದ ಪ್ರತಿಯೊಂದೂ ಸಲ್ಲಿಕೆಯಲ್ಲಿ ಇರಬೇಕು. ಆಮೇಲಷ್ಟೇ ಕೇಳೋಕೆ ಗಟ್ಟಿ ನೆಲ ಸಿಗೋದು.

ಗೌರಿಬಿದನೂರಿನಿಂದ

ಕನ್ನಡದವರೇ ಅಲ್ವಾ, ಇಷ್ಟೆಲ್ಲ ಯಾಕೆ? ಅವರ ಇಲ್ಲಿನ ನೆಂಟರ ಕೈಲಿ ಯುಪಿಐ ಮಾಡಿಸಿಕೊಳ್ಳಿ, ಎಸ್ಕ್ರೋ ದುಡ್ಡು ಅವರಿಗೇ ವಾಪಸ್ ಹೋಗಲಿ. ಕಮಿಷನ್ನೂ ಉಳಿಯುತ್ತೆ.

ತಿಪಟೂರಿನಿಂದ

ದಯವಿಟ್ಟು ಇದನ್ನು ಮಾಡಬೇಡಿ. ಅಪ್‌ವರ್ಕ್ ಮೂಲಕ ಪರಿಚಯವಾದ ಕ್ಲೈಂಟ್ ಜೊತೆ 2 ವರ್ಷ ಹಣದ ವ್ಯವಹಾರವೆಲ್ಲ ಅದರ ಮೂಲಕವೇ ಆಗಬೇಕು ಅನ್ನೋದು ಒಪ್ಪಿಕೊಂಡ ಷರತ್ತು. ಮೆಸೇಜಿನಲ್ಲಿ ಯುಪಿಐ ಅಂತ ಬರೆದರೂ ಸಾಕು, ಖಾತೆಗೆ ಕುತ್ತು. ಮೇಲಾಗಿ ಎಸ್ಕ್ರೋದಲ್ಲಿ ಕಣ್ಣಿಗೆ ಕಾಣೋ ದುಡ್ಡನ್ನು ವಾಪಸ್ ಕೊಟ್ಟು, ಬರುತ್ತೋ ಇಲ್ಲವೋ ಅನ್ನೋ ದುಡ್ಡಿಗೆ ಕಾಯೋದು ಯಾವ ಲೆಕ್ಕ?

ಈಗ ಮೆಸೇಜ್. ನಾನಾಗಿದ್ದರೆ ಹೀಗೆ ಬರೀತೀನಿ, ತಾರೀಕು, ಫೈಲ್ ಹೆಸರು ನಿಮ್ಮದಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ:

> ನಮಸ್ಕಾರ ಮೇಡಂ. ಎರಡನೇ ಮೈಲ್‌ಸ್ಟೋನ್‌ನ 24 ಒಳಪುಟಗಳನ್ನು ಜೂನ್ 9, ಸೋಮವಾರ ಮೆಸೇಜಿನಲ್ಲಿ ಒಪ್ಪಿದ್ದಕ್ಕೆ ಧನ್ಯವಾದ. ನೀವು ಒಪ್ಪಿದ ಅದೇ ಫೈಲ್ olaputa_v3.pdf ಅನ್ನು ಇವತ್ತು ಒಪ್ಪಂದದ ಪುಟದಲ್ಲೂ ಸಲ್ಲಿಸಿದ್ದೇನೆ, ಅದರಲ್ಲಿ ಯಾವ ಬದಲಾವಣೆಯೂ ಇಲ್ಲ.
>
> ಮೆಸೇಜಿನ ಒಪ್ಪಿಗೆಯಿಂದ ಎಸ್ಕ್ರೋ ಹಣ ಬಿಡುಗಡೆಯಾಗುವುದಿಲ್ಲ. ನೀವು ಒಪ್ಪಂದ ತೆರೆದು ಈ ಸಲ್ಲಿಕೆಯನ್ನು ಅಪ್ರೂವ್ ಮಾಡಿದರೆ ಅಲ್ಲಿ ಈಗಾಗಲೇ ಇರುವ 240 ಡಾಲರ್ ಬಿಡುಗಡೆಯಾಗುತ್ತದೆ, ಹೊಸದಾಗಿ ಏನೂ ಕಟ್ಟಬೇಕಿಲ್ಲ. ಬುಧವಾರ 18ರೊಳಗೆ ಬಿಡುವಾದರೆ ಅನುಕೂಲ. ಹಣದ ಕೆಲಸ ಬೇರೆಯವರು ನೋಡುತ್ತಿದ್ದರೆ ಈ ಮೆಸೇಜನ್ನೇ ಅವರಿಗೆ ಕಳಿಸಬಹುದು.
>
> ಒಳಪುಟಗಳಲ್ಲಿ ಅಚ್ಚಿನ ತಪ್ಪು ಕಂಡರೆ ಮೂರನೇ ಮೈಲ್‌ಸ್ಟೋನ್ ಮುಗಿಯುವವರೆಗೂ ತಿದ್ದಿಕೊಡುತ್ತೇನೆ. ಅದಕ್ಕಾಗಿ ಇದನ್ನು ತಡೆಹಿಡಿಯುವ ಅಗತ್ಯವಿಲ್ಲ.

ಕೊನೆಯ ಎರಡು ಸಾಲು ಅಲಂಕಾರಕ್ಕೆ ಬರೆದದ್ದಲ್ಲ. ದುಡ್ಡು ಬಿಟ್ಟ ಮೇಲೆ ಇವರು ಫೋನ್ ಎತ್ತಲ್ಲ ಅನ್ನೋ ಭಯ ಎಷ್ಟೋ ಕ್ಲೈಂಟ್‌ಗಳಿಗೆ ಇರುತ್ತೆ, ಬಾಯಿ ಬಿಟ್ಟು ಹೇಳಲ್ಲ. ಅದಕ್ಕೆ ನೀವೇ ಉತ್ತರ ಕೊಟ್ಟರೆ ಕೈ ಸಡಿಲವಾಗುತ್ತೆ. ಆದರೆ ‘ಅಚ್ಚಿನ ತಪ್ಪು’ ಅಂತ ಸ್ಪಷ್ಟವಾಗಿ ಹೇಳಿ. ‘ಏನು ಬೇಕಾದರೂ ಬದಲಿಸಿಕೊಡ್ತೀನಿ’ ಅಂದರೆ ಚಿತ್ರವನ್ನೇ ಬದಲಿಸಿ ಅಂತ ಬರಬಹುದು.

ಅದೇ ಮೆಸೇಜಿನಲ್ಲಿ ‘ಐದು ಸ್ಟಾರ್ ಕೊಡಿ’ ಅಂತ ಸೇರಿಸಬೇಡಿ. ದುಡ್ಡಿನ ಮಾತಿಗೂ ರೇಟಿಂಗ್‌ಗೂ ಗಂಟು ಹಾಕಿದ ಹಾಗೆ ಓದಿದರೆ ಅದು ನಿಯಮಕ್ಕೇ ವಿರುದ್ಧ. ಮನೆಬಾಡಿಗೆ, ಫೀಸು ಅಂತ ಕಷ್ಟ ಹೇಳಿಕೊಳ್ಳೋದೂ ಬೇಡ. ಕೆಲಸ ಮುಗಿದಿದೆ, ಒಪ್ಪಿದ್ದಾರೆ, ಅಷ್ಟು ಕಾರಣ ಸಾಕು.

ಮುಳಬಾಗಿಲಿನಿಂದ

ತಾರೀಕು ಹಾಕಿದ್ದು ನನಗೆ ಹಿಡಿಸಲಿಲ್ಲ. ಗಡುವು ಕೊಟ್ಟ ಹಾಗಿದೆ. ಒಳ್ಳೆ ಸಂಬಂಧ ಇರೋವಾಗ ‘ನಿಮ್ಮ ಬಿಡುವಿನಲ್ಲಿ’ ಅಂದರೆ ಸಾಲದಾ?

ತಿಪಟೂರಿನಿಂದ

ನಿಮ್ಮ ಮಾತಲ್ಲೂ ಹುರುಳಿದೆ. ಆದರೆ ‘ನಿಮ್ಮ ಬಿಡುವಿನಲ್ಲಿ’ ಅಂದ ಕೆಲಸ ಯಾರ ಪಟ್ಟಿಯಲ್ಲೂ ಮೇಲೆ ಬರಲ್ಲ. ತಾರೀಕು ಇದ್ದರೆ 19ಕ್ಕೆ ಎರಡನೇ ಸಲ ನೆನಪಿಸೋಕೆ ನಿಮಗೂ ಒಂದು ನೆಪ ಸಿಗುತ್ತೆ. ಹಳೇ ಕ್ಲೈಂಟ್ ಆಗಿದ್ದರೆ ನೀವು ಹೇಳಿದ ಹಾಗೆ ಬಿಟ್ಟರೂ ನಡೆಯಬಹುದು.

ಕಳಿಸೋ ಹೊತ್ತಿನ ಬಗ್ಗೆಯೂ ಯೋಚಿಸಿ. ಅಮೆರಿಕದಲ್ಲಿ ಈಗ ಬೇಸಿಗೆಗೆ ಅಂತ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರೋದರಿಂದ ನಮ್ಮ ಸಂಜೆ ಆರೂವರೆ ಅಂದರೆ ನ್ಯೂಜೆರ್ಸಿಯಲ್ಲಿ ಬೆಳಗ್ಗೆ 9. ಸಲ್ಲಿಕೆ ಇವತ್ತೇ ಮಾಡಿ, ಮೆಸೇಜನ್ನು ಸೋಮವಾರ ಸಂಜೆ ಆರೂವರೆಗೆ ಕಳಿಸಿ, ‘ಇವತ್ತು’ ಅನ್ನೋದನ್ನು ‘ನಿನ್ನೆ’ ಮಾಡಿಕೊಳ್ಳಿ.

ಚಿಂತಾಮಣಿಯಿಂದ

ಒಂದು ಎಚ್ಚರಿಕೆ. ಸಲ್ಲಿಕೆ ನೋಡಿದ ಕ್ಲೈಂಟ್ ಎದುರು ಅಪ್ರೂವ್ ಜೊತೆಗೆ Request Changes ಅನ್ನೋದೂ ಇರುತ್ತೆ. ಕೆಲವರು ‘ಥ್ಯಾಂಕ್ಸ್, 18ನೇ ಪುಟದಲ್ಲಿ ಒಂದು ಪ್ರಶ್ನೆ’ ಅಂತ ಬರೆಯೋಕೆ ಅದನ್ನೇ ಒತ್ತಿಬಿಡ್ತಾರೆ. ಅವರ ಮನಸ್ಸಲ್ಲಿ ಅದು ಬರೀ ಪ್ರಶ್ನೆ, ಆದರೆ ಅಲ್ಲಿಗೆ 14 ದಿನದ ಲೆಕ್ಕ ನಿಂತಿತು. ಹಾಗಾದರೆ ಉತ್ತರವನ್ನು ಮೆಸೇಜಿನಲ್ಲಿ ಕೊಟ್ಟು ಸುಮ್ಮನಾಗಬೇಡಿ. ತಿದ್ದಿ, ಮತ್ತೆ ಸಲ್ಲಿಸಿ, ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತೆ. ದಿನಾ ಒಮ್ಮೆ ಒಪ್ಪಂದದ ಪುಟ ನೋಡಿ, ಮೆಸೇಜ್ ಮಾತ್ರ ನೋಡ್ತಾ ಕೂತರೆ ಇದು ಗೊತ್ತೇ ಆಗಲ್ಲ.

ಪ್ರಕಾಶನ ಸಂಸ್ಥೆಯಾದರೆ ಇನ್ನೊಂದು ಸಾಧ್ಯತೆ ಇದೆ. ನಿಮ್ಮ ಜೊತೆ ಮಾತಾಡೋ ಸಂಪಾದಕಿಗೆ ಹಣ ಬಿಡುಗಡೆ ಮಾಡೋ ಅಧಿಕಾರವೇ ಇಲ್ಲದಿರಬಹುದು. ಅದಕ್ಕೇ ಮೆಸೇಜಿನಲ್ಲಿ ಮೊತ್ತ, ಮೈಲ್‌ಸ್ಟೋನ್ ಸಂಖ್ಯೆ, ಒಪ್ಪಿದ ತಾರೀಕು ಮೂರೂ ಇರಬೇಕು. ಪುಸ್ತಕವನ್ನೇ ನೋಡದ ಲೆಕ್ಕದವರು ಓದಿದರೂ ಏನು ಮಾಡಬೇಕು ಅಂತ ತಿಳೀಬೇಕು.

ಸಿರಾದಿಂದ

ಹಾಗಾದರೆ ಇವತ್ತು ಸಲ್ಲಿಸಿ ಏನೂ ಕೇಳದೆ ಬಿಟ್ಟರೆ?

ತಿಪಟೂರಿನಿಂದ

ಆಗ ನಿಮ್ಮ 14 ದಿನ ಅನ್ವಯಿಸುತ್ತೆ, ಅಣ್ಣ. 15ರಿಂದ ಲೆಕ್ಕ ಹಾಕಿದರೆ 29ಕ್ಕೆ ತಾನಾಗಿ ಬಿಡುಗಡೆ. ಅದಾದ ಮೇಲೆ ಭದ್ರತೆಗೆ ಅಂತ 5 ದಿನ ಹಿಡಿದಿಡ್ತಾರೆ, ಹಾಗಾಗಿ ತೆಗೆದುಕೊಳ್ಳೋಕೆ ಸಿಗೋದು ಜುಲೈ 4ರ ಹೊತ್ತಿಗೆ. ಸೋಮವಾರವೇ ಅವರು ಅಪ್ರೂವ್ ಒತ್ತಿದರೂ ಆ 5 ದಿನ ತಪ್ಪಲ್ಲ, ಆದರೆ 21ಕ್ಕೆ ಸಿಗುತ್ತೆ. ಅಲ್ಲಿಂದ ಬ್ಯಾಂಕಿಗೆ ಬರೋ ದಿನ ಬೇರೆ. ಒಂದು ಮೆಸೇಜಿಗೆ ಸುಮಾರು ಎರಡು ವಾರದ ವ್ಯತ್ಯಾಸ.

ಕೋಲಾರದಿಂದ

ಫೈವರ್‌ನಲ್ಲಿ ಡೆಲಿವರಿ ಕೊಟ್ಟು 3 ದಿನಕ್ಕೆ ಆರ್ಡರ್ ತಾನಾಗಿ ಮುಗಿಯುತ್ತೆ, ಆದರೆ ದುಡ್ಡು ಕೈಗೆ ಸಿಗೋಕೆ ಸಾಮಾನ್ಯವಾಗಿ 14 ದಿನ ಕಾಯಬೇಕು. ಅಲ್ಲೂ ಡೆಲಿವರಿ ಬಟನ್ ಮೂಲಕ ಕೊಡದೆ ಚಾಟ್‌ನಲ್ಲಿ ಫೈಲ್ ಕೊಟ್ಟರೆ ಇದೇ ಗತಿ. ದಿನದ ಲೆಕ್ಕ ಮಾತ್ರ ಬೇರೆ ಬೇರೆ, ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಡಿ.

ತುಮಕೂರಿನಿಂದ

ನೋಡಿದೆ. ನಾನು Submit ಒತ್ತಿರಲಿಲ್ಲ, ಈಗ ಒತ್ತಿದೆ. ವಿವರಣೆಯಲ್ಲಿ ‘ಪಿಡಿಎಫ್ ಮತ್ತು ಮೂಲ ಫೈಲ್’ ಅಂತಲೇ ಇತ್ತು, ಫಾಂಟ್ ಸಮೇತ ಪ್ಯಾಕೇಜನ್ನೂ ಸೇರಿಸಿದೆ. ಮೂರನೇ ಮೈಲ್‌ಸ್ಟೋನ್, ಮುಖಪುಟ, 100 ಡಾಲರ್. ಅದಕ್ಕೆ ಅವರು ಇನ್ನೂ ದುಡ್ಡು ಹಾಕಿಲ್ಲ, ಆದರೆ ಮುಖಪುಟದ ಸ್ಕೆಚ್ ಕೇಳ್ತಿದ್ದಾರೆ. ಅದನ್ನೂ ಇದೇ ಮೆಸೇಜಿನಲ್ಲಿ ಹೇಳಲಾ?

ಚಿಂತಾಮಣಿಯಿಂದ

ಬೇಡ. ಒಂದು ಮೆಸೇಜಿಗೆ ಒಂದೇ ಕೋರಿಕೆ. 240 ಬಿಡುಗಡೆಯಾದ ಮೇಲೆ ಮುಖಪುಟದ ಮೈಲ್‌ಸ್ಟೋನ್‌ಗೆ ಹಣ ಹಾಕಿ ಅಂತ ಬೇರೆ ಬರೀರಿ, ಸ್ಕೆಚ್ ಅದಾದ ಮೇಲೆ. ಹಣ ಹಾಕದ ಮೈಲ್‌ಸ್ಟೋನ್‌ಗೆ ಮಾಡಿದ ಕೆಲಸಕ್ಕೆ ಎಸ್ಕ್ರೋ ರಕ್ಷಣೆ ಇಲ್ಲ.

ಮುಳಬಾಗಿಲಿನಿಂದ

ಒಂದು ಸ್ಕೆಚ್‌ಗೆಲ್ಲ ಅಷ್ಟು ಬಿಗಿ ಬೇಕಾ? ನಾನಾದರೆ ಕಡಿಮೆ ರೆಸಲ್ಯೂಶನ್‌ನ ಒಂದು ಚಿತ್ರ ಕಳಿಸ್ತೀನಿ, ಮುದ್ರಣಕ್ಕೆ ಬರದ ಹಾಗೆ.