ಅಪ್‌ಡೇಟ್: ವೈಫೈ ಪ್ಯಾಚ್ ಆಂಟೆನಾ, ಕೊನೆಗೆ ಉಳಿದ ಅಳತೆ

ನನ್ನ ಪ್ರಶ್ನೆ: "ಶಿರಸಿಯ ತೋಟದ ಸೆನ್ಸರ್ ಬೋರ್ಡಿಗೆ 2.4 ಗಿಗಾಹರ್ಟ್ಸ್ ಪ್ಯಾಚ್ ಬೇಕು. 1.6 ಮಿ.ಮೀ. ಎಫ್‌ಆರ್-4ರಲ್ಲಿ ಮಾಡಿದರೆ ಕೊನೆಯ ಚಾನೆಲ್‌ಗಳು ಸಿಗುತ್ತಿಲ್ಲ. ಏನು ಬದಲಿಸಲಿ?"

ದಪ್ಪ ಹೆಚ್ಚಿಸಿ ಅಂದವರ ಸಲಹೆ ಕೆಲಸ ಮಾಡಿತು, ತುಂಬಾ ಥ್ಯಾಂಕ್ಸ್. ವೈಫೈಗೆ 2400ರಿಂದ 2483 ಮೆಗಾಹರ್ಟ್ಸ್‌ವರೆಗೆ ಬೇಕು. ತೆಳು ಬೋರ್ಡಿನ ಪ್ಯಾಚ್ ಅಷ್ಟು ಅಗಲ ಕೊಡುವುದಿಲ್ಲ. 3.2 ಮಿ.ಮೀ. ದಪ್ಪದಲ್ಲಿ ಪೂರ್ತಿ ಬ್ಯಾಂಡ್ ಸಿಕ್ಕಿತು. ಪ್ಯಾಚ್ ಅಗಲ 37.3, ಉದ್ದ 28.1 ಮಿ.ಮೀ. ಇಟ್ಟೆ. ಫೀಡ್ ಲೈನ್ ಮಾತ್ರ ಸುಮಾರು 6 ಮಿ.ಮೀ. ಅಗಲವಾಗುತ್ತದೆ, ಅದಕ್ಕೆ ಜಾಗ ಬಿಡಿ.

ಪ್ಯಾಚ್ ಚಿಕ್ಕದಾಗಲಿ ಅಂತ ಡೈಎಲೆಕ್ಟ್ರಿಕ್ ಸ್ಥಿರಾಂಕ ಜಾಸ್ತಿ ಇರುವ ಬೋರ್ಡ್ ಹಾಕುವ ಸಲಹೆ ನನಗೆ ಆಗಲಿಲ್ಲ. ಗಾತ್ರ ಇಳಿಯಿತು, ಜೊತೆಗೆ ಬ್ಯಾಂಡೂ ಕಿರಿದಾಯಿತು.

ಆಶ್ಚರ್ಯ ಆಗಿದ್ದು ಡಬ್ಬಿಯ ವಿಷಯದಲ್ಲಿ. ಮಳೆಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಪ್ಯಾಚಿಗೆ ತಾಗುವಷ್ಟು ಹತ್ತಿರವಿತ್ತು. ಮುಚ್ಚಿದ ಕೂಡಲೇ ವಿಎನ್‌ಎ ಪರದೆಯಲ್ಲಿ ಆಂಟೆನಾದ ಆವರ್ತನ ತೋರಿಸುವ ತಗ್ಗು 2.44ರಿಂದ 2.40 ಗಿಗಾಹರ್ಟ್ಸ್‌ಗೆ ಜಾರಿತು! ಮುಚ್ಚಳ ಹಾಕಿಕೊಂಡೇ ಅಳೆದು, ಉದ್ದವನ್ನು 27.6ಕ್ಕೆ ಇಳಿಸಿದೆ. ಈಗ ತಗ್ಗು ಮತ್ತೆ 2.44ರಲ್ಲಿದೆ, 11ನೇ ಚಾನೆಲ್ ಕೂಡ ಸಿಗುತ್ತಿದೆ.