ಅಪ್‌ಡೇಟ್: ಹೋಮ್ ಲೋನ್ ಇದ್ದರೂ ಹೊಸ ಪದ್ಧತಿಯೇ ಅಗ್ಗವಾಯ್ತು

ನಾನು ಕೇಳಿದ್ದು: "ಸಂಬಳ 15 ಲಕ್ಷ. ಹೋಮ್ ಲೋನ್, ಇನ್ಶೂರೆನ್ಸ್ ಎರಡೂ ಇವೆ. ಹಳೇ ಟ್ಯಾಕ್ಸ್ ಪದ್ಧತಿಯಲ್ಲೇ ಇರಲಾ?"

2025-26ಕ್ಕೆ ಕೂತು ಲೆಕ್ಕ ಹಾಕಿದೆ. ಹಳೇದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ, ಲೋನ್ ಬಡ್ಡಿ 2 ಲಕ್ಷ, 80ಸಿ 1.5 ಲಕ್ಷ, ಆರೋಗ್ಯ ವಿಮೆ 25 ಸಾವಿರ ಕಳೆದರೆ ಉಳಿಯುವುದು 10.75 ಲಕ್ಷ. ಸೆಸ್ ಸೇರಿ ತೆರಿಗೆ 1,40,400 ರೂಪಾಯಿ. ಹೊಸದರಲ್ಲಿ 75 ಸಾವಿರ ಬಿಟ್ಟರೆ ನನಗೆ ಬೇರೇನೂ ಕಳೆಯಲು ಇಲ್ಲ. ಆದರೂ ತೆರಿಗೆ 97,500 ಮಾತ್ರ! ಎರಡು ಸಲ ಕೂಡಿ ನೋಡಿದೆ.

ಹಳೇದು ಸರಿಸಮ ಆಗಬೇಕಾದರೆ ಒಟ್ಟು ಕಡಿತ ಸುಮಾರು 5.94 ಲಕ್ಷ ಇರಬೇಕು. ನನ್ನದು 4.25 ಲಕ್ಷ. ಬಾಡಿಗೆ ಮನೆಯಲ್ಲಿದ್ದರೆ ಎಚ್‌ಆರ್‌ಎ ಸೇರಿ ಮುಟ್ಟುತ್ತಿತ್ತೇನೋ. ಸ್ವಂತ ಮನೆಯಲ್ಲೇ ಇದ್ದೇನಲ್ವಾ, ಅದಿಲ್ಲ.

ಆಫೀಸಿಗೆ ಹೊಸ ಪದ್ಧತಿ ಅಂತಲೇ ಬರೆದುಕೊಟ್ಟೆ.