ಫ್ಲ್ಯಾಂಜ್ ತೂತುಗಳು: ಪ್ಯಾಟರ್ನಾ, ಮಿರರಾ?

ಚಾಕಣ್‌ನಿಂದ ಪ್ರಶ್ನೆ: ಬಾಡಿಯ ಫ್ಲ್ಯಾಂಜ್‌ಗೆ 8 ತೂತು. ಸರ್ಕ್ಯುಲರ್ ಪ್ಯಾಟರ್ನ್ ಹಾಕಲಾ, ಕಾಲು ಭಾಗ ಮಾಡಿ ಎರಡು ಸಲ ಮಿರರ್ ಮಾಡಲಾ? ಮುಂದೆ ಸೈಜ್ ಬದಲಾಗಬಹುದು. ಅನುಭವ ಇದ್ದವರು ಹೇಳಿ.

ಭೋಸರಿಯಿಂದ: ಪ್ಯಾಟರ್ನೇ ಹಾಕಿ. ಆದರೆ ನನಗಾದದ್ದು ಕೇಳಿ. 8 ಇಂಚಿನ ಬಾಡಿ, ಕ್ಲಾಸ್ 150, 8 ತೂತು. ಮೊದಲ ತೂತನ್ನು ಸೆಂಟರ್ ಲೈನ್‌ನಿಂದ 22.5 ಡಿಗ್ರಿಗೆ ಇಟ್ಟಿದ್ದೆ. ಅದೇ ಮಾಡೆಲನ್ನು 10 ಇಂಚಿಗೆ ಬದಲಿಸಿದೆ. ಪಿಸಿಡಿ 362, ತೂತು 12. ಪ್ಯಾಟರ್ನ್ ಎಣಿಕೆ 12 ಆಯಿತು, ಮೊದಲ ತೂತು ಮಾತ್ರ 22.5ರಲ್ಲೇ ಉಳಿಯಿತು. ಸೆಂಟರ್ ಲೈನ್ ಎರಡು ತೂತುಗಳ ನಟ್ಟನಡುವೆ ಹೋಗಬೇಕಾದರೆ ಇರಬೇಕಾದದ್ದು 15. ಪರದೆಯಲ್ಲಿ ಎಲ್ಲ ತೂತೂ ಸಮವಾಗಿಯೇ ಕಾಣುತ್ತಿತ್ತು, ಯಾವ ಎರರ್ರೂ ಬರಲಿಲ್ಲ.

ಬಾಡಿಯ ಕೆಳಗೆ ಕಾಲುಗಳಿವೆ, ಹಾಗಾಗಿ ತಿರುಗಿಸಿ ಕೂರಿಸೋಕೆ ಆಗಲ್ಲ. ಸರಿ ಜಾಗದಲ್ಲಿ ಮತ್ತೆ ಕೊರೆಯೋಣ ಅಂದರೆ ಹೊಸ ತೂತು ಹಳೆಯದರಿಂದ ಬರೀ 24 ಮಿ.ಮೀ ದೂರ, ತೂತಿನ ವ್ಯಾಸವೇ 25.4. ಒಂದಕ್ಕೊಂದು ಸೇರಿಬಿಡುತ್ತದೆ. 4 ಬಾಡಿ ಸ್ಕ್ರ್ಯಾಪ್. ಕಾಸ್ಟಿಂಗ್‌ಗೆ ತಲಾ 11,500, ಮಷೀನಿಂಗ್‌ಗೆ ತಲಾ 3,200, ಟೆಂಪೋಗೆ 1,800. ಒಟ್ಟು 60,600 ರೂಪಾಯಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಈಗ ಹೀಗೆ ಬರೆಯುತ್ತೇನೆ, ಎಣಿಕೆಗೆ N, ಮೊದಲ ತೂತಿನ ಕೋನಕ್ಕೆ A:

```
"N" = 12
"A" = 180 / "N"
```

ಠಾಣೆಯಿಂದ: ನಾನು ವರ್ಷಗಳಿಂದ ಮಿರರ್ ಮಾಡುತ್ತಿದ್ದೇನೆ, ಒಂದು ಪೀಸೂ ಹೋಗಿಲ್ಲ. ಕಾಲು ಭಾಗ ಸರಿ ಇದ್ದರೆ ಸೆಂಟರ್ ಲೈನ್ ಮೇಲೆ ತೂತು ಬರೋದೇ ಇಲ್ಲ. ಪ್ಯಾಟರ್ನ್ ಬೇಡವೇ ಬೇಡ.

ಭೋಸರಿಯಿಂದ: 12 ತೂತಾದರೆ ಕಾಲು ಭಾಗಕ್ಕೆ 3 ಬರುತ್ತವೆ ಸರ್. ಪ್ರತಿ ಸಲ ಸ್ಕೆಚ್ ಒಳಗೆ ಹೋಗಿ ಕೋನ ಹೊಸದಾಗಿ ಕೊಡಬೇಕು. 6 ತೂತಾದರೆ ಕಾಲು ಭಾಗಕ್ಕೆ ಒಂದೂವರೆ ತೂತು ಹೇಗೆ ಹಾಕ್ತೀರಿ?

ಠಾಣೆಯಿಂದ: ಸ್ಕೆಚ್ ಒಳಗೆ ಹೋಗುತ್ತೇನೆ, ಅದಕ್ಕೇ ಕಣ್ಣಿಗೆ ಬೀಳುತ್ತದೆ. ನೀವು ಅಂಕಿ ಬದಲಿಸಿ ನಂಬಿದಿರಿ, ಅಲ್ವಾ?

ಅಂಧೇರಿಯಿಂದ: ಲೀನಿಯರ್ ಪ್ಯಾಟರ್ನ್‌ಗೂ ಇದೇ ಗೋಳು. ನಮ್ಮ ಡಕ್ಟ್ ಫ್ಲ್ಯಾಂಜ್ 1000 ಮಿ.ಮೀ, ತುದಿಯಿಂದ 25 ಬಿಟ್ಟು 150ರ ಪಿಚ್ ಕೊಟ್ಟೆ. 950ರಲ್ಲಿ 150 ಸರಿಯಾಗಿ ಹೋಗಲ್ಲ. ಕೊನೆ ತೂತು ಮೂಲೆಗೆ ಬರದೆ 50 ಮಿ.ಮೀ ಮೊದಲೇ ನಿಂತಿತು, ಗ್ಯಾಸ್ಕೆಟ್ ಅಲ್ಲೇ ಸೋರಿತು. ಈಗ ಪಿಚ್ ಕೊಡೋದೇ ಇಲ್ಲ. 8 ತೂತು ಅಂದರೆ 7 ಅಂತರ, 950 ಭಾಗಿಸು 7, ಅಂದರೆ 135.7. ದುಂಡು ಫ್ಲ್ಯಾಂಜ್‌ನವರು ಇದನ್ನೂ ಸ್ವಲ್ಪ ನೋಡಿ.

ಠಾಣೆಯಿಂದ: ಕೇಳಿದ್ದು ದುಂಡು ಫ್ಲ್ಯಾಂಜ್, ಸ್ವಾಮಿ.

ಚಾಕಣ್‌ನಿಂದ: ಒಂದು ಹೇಳೋದು ಮರೆತಿದ್ದೆ. ನಮ್ಮದರಲ್ಲಿ ಒಂದು ಡೋವೆಲ್ ತೂತು ಇದೆ, ಪಿಸಿಡಿ ಮೇಲೆಯೇ, ಎರಡು ಬೋಲ್ಟ್ ನಡುವೆ. ಅದನ್ನು ಏನು ಮಾಡಲಿ?

ಭೋಸರಿಯಿಂದ: ಅದನ್ನು ಮಿರರ್‌ಗೆ ಸೇರಿಸಬೇಡಿ. ಬಾಡಿ ಮಿರರ್ ಮಾಡಿದರೆ ಕೇಳದೆಯೇ ಇನ್ನೊಂದು ಕಡೆ ಬರುತ್ತದೆ. ಎಲ್ಲ ತೂತು ಆದ ಮೇಲೆ ಬೇರೆ ಫೀಚರ್ ಆಗಿ ಹಾಕಿ.

ಠಾಣೆಯಿಂದ: ಇದನ್ನು ಒಪ್ಪುತ್ತೇನೆ. ಉಳಿದದ್ದನ್ನಲ್ಲ.